ಖುದ್ದು ವಿಚಾರಿಸಿ

ಆ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಬಂತು. ಕಮಲಾಪುರದ ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿದ ಅಂಚೆಯವನು, "ಸಹಿ ಮಾಡ್ರಿ ಇಲ್ಲಿ. ನಿಮ್ಮ ಗೈಡುಗಳ ಸಂಘದ್ದು," ಎಂದ. ಕಳಿಸಿದವನು ನಮ್ಮ ಸಂಘದ ಕಾರ್ಯದರ್ಶಿ. ಅಂದು ಬೆಳಿಗ್ಗೆ ಏಳಕ್ಕೆ ಅವನೂ ನಾನೂ ಹಂಪಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಚಹಾ ಕುಡಿದಿದ್ದೆವು. ಚಹಾದ ಲೋಟ ಕೆಳಗಿಟ್ಟು, "ಅಣ್ಣಾರ, ನಾ ಬರ್ತೀನ್ರಿ," ಎಂದು ಹೋಗಿದ್ದ. ಕಾಗದದ ಸುದ್ದಿ ಎತ್ತಿರಲಿಲ್ಲ. ದಿನಾ ಮುಖ ನೋಡುವ ಮನುಷ್ಯ ನಾಲ್ಕು ಕಿಲೋಮೀಟರ್ ದೂರದ ಮನೆಗೆ ಸರ್ಕಾರದ ಮುದ್ರೆ ಒತ್ತಿಸಿ ಕಾಗದ ಕಳಿಸಿದರೆ ಅದರೊಳಗೆ ಒಳ್ಳೆಯ ಸುದ್ದಿ ಇರುವುದಿಲ್ಲ.

ಅಡುಗೆಮನೆಯಿಂದ ಹೆಂಡತಿ, "ಏನ್ರಿ ಅದು?" ಎಂದು ಕೇಳಿದಳು. "ಸಂಘದ ನೋಟಿಸು, ಸಭೆ ಐತಂತ," ಎಂದೆ. ಸುಳ್ಳು ಹೇಳುವುದು ಆಗ ನನಗೆ ಚೆನ್ನಾಗಿ ರೂಢಿಯಾಗಿತ್ತು.

ಕಾಗದದಲ್ಲಿ ಹೀಗಿತ್ತು. "ತಾವು ಲಿಖಿತ ಕಾರಣವನ್ನು ತಿಳಿಸದೆ ಸತತವಾಗಿ ಮೂರು ಮಾಸಿಕ ಸಭೆಗಳಿಗೆ ಗೈರುಹಾಜರಾಗಿರುತ್ತೀರಿ. ಸಂಘದ ಬೈಲಾ ಹನ್ನೆರಡನೆಯ ಕಲಮಿನಂತೆ ಅಂಥ ಸದಸ್ಯರಿಗೆ ಹದಿನೈದು ದಿನಗಳ ನೋಟಿಸ್ ನೀಡಿ, ಸಮಂಜಸ ಉತ್ತರ ಬಾರದಿದ್ದಲ್ಲಿ ಸದಸ್ಯತ್ವವನ್ನು ರದ್ದುಪಡಿಸತಕ್ಕದ್ದು. ಕಾರಣ, ಈ ಪತ್ರ ತಲುಪಿದ ಹದಿನೈದು ದಿನಗಳೊಳಗಾಗಿ ತಮ್ಮ ಲಿಖಿತ ಸಮಜಾಯಿಷಿ ಸಲ್ಲಿಸುವುದು. ತಾವು ಸಂಘದ ಹಿತೈಷಿಗಳೆಂದು ನಂಬಿರುತ್ತೇವೆ."

ಹೊರಗಿನವರಿಗೆ ಇದೇನು ದೊಡ್ಡ ವಿಷಯ ಎನಿಸಬಹುದು. ಸಂಘದ ಸದಸ್ಯತ್ವ ಹೋದರೆ ಹೋಯಿತು, ಮೂರು ಸಭೆಯ ಚಹಾ ಉಳಿಯಿತು ಎಂದು ನಗಬಹುದು. ಹಂಪಿಯಲ್ಲಿ ಗೈಡು ಕೆಲಸ ಮಾಡುವವರಿಗೆ ಹಾಗಲ್ಲ. ಇಲಾಖೆಯ ಗುರುತಿನ ಚೀಟಿ ಕೊರಳಲ್ಲಿ ಇರುತ್ತದೆ, ಸರಿ. ಆದರೆ ಇಂದು ಯಾರಿಗೆ ಯಾವ ಪ್ರವಾಸಿಗರು ಎನ್ನುವುದನ್ನು ನಮ್ಮಲ್ಲಿ ಸಂಘದ ಪಾಳಿ ಪಟ್ಟಿ ಹೇಳುತ್ತದೆ. ಸದಸ್ಯನಲ್ಲದವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿಲ್ಲದವನು ಬಸ್ ನಿಲ್ದಾಣದಲ್ಲಿ ನಿಂತು, ಇಳಿಯುವ ಪ್ರತಿಯೊಬ್ಬರ ಹಿಂದೆ "ಗೈಡ್, ಗೈಡ್" ಎಂದು ಓಡಬೇಕು. ನನಗಾಗ ಐವತ್ತಾರು. ಓಡುವ ಮಾತು ಹಾಗಿರಲಿ, ಸಂಜೆಯಾದ ಮೇಲೆ ನಡೆಯುವುದೇ ನನಗೆ ಆಗುತ್ತಿರಲಿಲ್ಲ.

ಯಾರಿಗೂ ಹೇಳದ ವಿಷಯ ಅದೇ. ನನಗೆ ಇರುಳುಗುರುಡು ಹತ್ತಿತ್ತು. ಹೊಸಪೇಟೆಯ ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ದೀಪ ಬಿಟ್ಟು ನೋಡಿ, ಕಣ್ಣಿನ ಒಳಪದರ ಅಂಚಿನಿಂದ ಸವೆಯುತ್ತಾ ಬಂದಿದೆ, ಹಗಲು ಸದ್ಯಕ್ಕೆ ತೊಂದರೆಯಿಲ್ಲ, ಮಬ್ಬಾದರೆ ಕಾಣುವುದಿಲ್ಲ, ಹೋಗ್ತಾ ಹೋಗ್ತಾ ಹಗಲಿನ ನೋಟವೂ ಕಿರಿದಾಗುತ್ತದೆ, ಇದಕ್ಕೆ ಔಷಧವಿಲ್ಲ ಎಂದರು. "ಎಷ್ಟು ವರ್ಷ ರೀ?" ಎಂದು ಕೇಳಿದೆ. "ಹೇಳಾಕ ಆಗಂಗಿಲ್ಲ," ಎಂದರು. ಆ ಉತ್ತರವನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಕಮಲಾಪುರ ಬರುವವರೆಗೂ ಕಿಟಕಿಯಿಂದ ಬಾಳೆತೋಟಗಳನ್ನೇ ನೋಡಿದೆ. ಯಾರೋ ಕಸಿದುಕೊಂಡು ಹೋಗುತ್ತಾರೇನೋ ಎನ್ನುವ ಹಾಗೆ ನೋಡಿದೆ.

ಗೈಡಿಗೆ ಕಣ್ಣಿಲ್ಲ ಎಂದರೆ ಏನು ಉಳಿಯಿತು? ನಾನು ಉಪಾಯಗಳನ್ನು ಕಲಿತೆ. ಕತ್ತಲೆಯ ಗರ್ಭಗುಡಿ, ನೆಲಮಾಳಿಗೆಯಂಥ ಜಾಗ ಬಂದಾಗ ಹೊರಗೇ ನಿಂತು, "ಒಳಗೆ ನೀವೇ ನಿಧಾನವಾಗಿ ನೋಡಿ ಬನ್ನಿ, ಆ ಮೌನವನ್ನು ಅನುಭವಿಸಬೇಕು," ಎನ್ನುತ್ತಿದ್ದೆ. ಪ್ರವಾಸಿಗರು ನನ್ನನ್ನು ದೊಡ್ಡ ರಸಿಕ ಎಂದು ತಿಳಿಯುತ್ತಿದ್ದರು. ಮಾತು ಆಡುತ್ತ ಕಾಲಿನಿಂದ ಮೆಟ್ಟಿಲು ತಡವುತ್ತಿದ್ದೆ. ಒಮ್ಮೆ ಸಂಡೂರಿನಿಂದ ಬಂದ ಒಂದು ಕುಟುಂಬದ ಪುಟ್ಟ ಹುಡುಗಿ ನನ್ನ ಪಕ್ಕದಲ್ಲೇ ಪುಷ್ಕರಣಿಯ ಅಂಚಿಗೆ ಹೋಗಿದ್ದು ನನಗೆ ಕಾಣಲೇ ಇಲ್ಲ. ತಾಯಿ ಚೀರಿ ಎಳೆದುಕೊಂಡಳು. ಆ ಚೀರಾಟ ವಾರಗಟ್ಟಲೆ ನನ್ನ ಕಿವಿಯಲ್ಲಿತ್ತು.

ಸಭೆ ತಪ್ಪಿದ್ದು ಈ ಕಣ್ಣಿನಿಂದಲೇ. ಸ್ಮಾರಕಗಳ ಬಾಗಿಲು ಮುಚ್ಚಿದ ಮೇಲೆಯೇ ನಮಗೆಲ್ಲ ಬಿಡುವು. ಆದ್ದರಿಂದ ತಿಂಗಳ ಸಭೆ ಯಾವಾಗಲೂ ಸಂಜೆ ಆರೂವರೆಗೆ, ಹಂಪಿಯಲ್ಲಿ, ಸಂಘದ ಕೋಣೆಯಲ್ಲಿ. ಅಲ್ಲಿಂದ ಕಮಲಾಪುರಕ್ಕೆ ನನ್ನ ಸ್ಕೂಟಿಯಲ್ಲಿ ಹತ್ತು ನಿಮಿಷ. ಒಂದು ಸಭೆ ಮುಗಿಸಿ ಬರುವಾಗ ಎದುರಿನ ಕಾರಿನ ದೀಪ ಕಣ್ಣಿಗೆ ಹೊಡೆದು, ಆಮೇಲೆ ಕಣ್ಣ ಮುಂದೆ ಬರೀ ಕಪ್ಪು. ಬ್ರೇಕು ಹಿಡಿದೆ. ಕಾಲು ಕೆಳಗಿಟ್ಟರೆ ಮಣ್ಣು ಜಾರಿತು, ಕೆಳಗೆ ಕಾಲುವೆಯ ನೀರಿನ ಸದ್ದು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ಕೂಟಿ ಹಿಡಿದುಕೊಂಡು, ರಸ್ತೆಯ ಡಾಂಬರು ಕಾಲಿಗೆ ತಾಕುತ್ತಿದೆಯೇ ಎಂದು ನೋಡುತ್ತ ಮನೆಯವರೆಗೂ ನಡೆದೆ. ಪೆಟ್ರೋಲ್ ಮುಗಿದಿತ್ತು ಎಂದು ಹೆಂಡತಿಗೆ ಹೇಳಿದೆ. ಆಮೇಲೆ ಸಭೆಗೆ ಹೋಗಲಿಲ್ಲ.

ಒಂದು ಅರ್ಜಿ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ಅರ್ಜಿಯಲ್ಲಿ ಕಾರಣ ಬರೆಯಬೇಕು. ಜ್ವರ ಎಂದು ಒಂದು ಸಲ ಬರೆಯಬಹುದು, ನೆಂಟರ ಮದುವೆ ಎಂದು ಇನ್ನೊಂದು ಸಲ. ಹಗಲೆಲ್ಲ ಗಟ್ಟಿಮುಟ್ಟಾಗಿ ದುಡಿಯುವವನಿಗೆ ಪ್ರತಿ ತಿಂಗಳು ಅದೇ ಸಂಜೆ ಯಾವ ಜ್ವರ ಬರುತ್ತದೆ? ನಿಜ ಬರೆದರೆ ಅದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಮುಂದಿನ ಸಭೆಯಲ್ಲಿ ಅದನ್ನು ಎಲ್ಲರೆದುರು ಓದುತ್ತಾರೆ. ಆಮೇಲೆ ಯಾವ ಗೈಡು ನನ್ನ ಕೈಗೆ ಮಕ್ಕಳಿರುವ ಕುಟುಂಬವನ್ನು ಬಿಟ್ಟಾನು? ಅದಕ್ಕೇ ಏನೂ ಬರೆಯದೆ ಸುಮ್ಮನಿದ್ದೆ.

ನೋಟಿಸನ್ನು ಎರಡನೇ ಸಲ ಓದಿದಾಗ ಕೊನೆಯ ಸಾಲಿನ ಮೇಲೆ ಕಣ್ಣು ನಿಂತಿತು. "ತಾವು ಸಂಘದ ಹಿತೈಷಿಗಳೆಂದು ನಂಬಿರುತ್ತೇವೆ." ಈ ವಾಕ್ಯ ನನ್ನದು. "ಕಾರಣ, ಈ ಪತ್ರ ತಲುಪಿದ" ಎನ್ನುವುದೂ ನನ್ನದು. ಒಂಬತ್ತು ವರ್ಷದ ಹಿಂದೆ ನಾನೇ ಸಂಘದ ಕಾರ್ಯದರ್ಶಿಯಾಗಿದ್ದೆ. ಹನ್ನೆರಡನೆಯ ಕಲಮಿನ ಕೆಳಗೆ ಒಂದೇ ಒಂದು ನೋಟಿಸು ಬರೆದಿದ್ದೆ. ಈಗಿನ ಹುಡುಗ ಹಳೆಯ ಫೈಲು ತೆಗೆದು, ಹೆಸರು ಮತ್ತು ತಾರೀಖು ಬದಲಿಸಿ, ಉಳಿದದ್ದನ್ನು ಅಕ್ಷರಶಃ ಇಳಿಸಿದ್ದ. ಅವನನ್ನು ಏನನ್ನುವುದು? ಎಲ್ಲ ಸಂಘಗಳಲ್ಲೂ ಕಾರ್ಯದರ್ಶಿಗಳು ಮಾಡುವುದು ಇದನ್ನೇ.

ಟ್ರಂಕಿನ ತಳದಿಂದ ಬೈಲಾ ಪುಸ್ತಕ ತೆಗೆದೆ. ಹನ್ನೆರಡನೆಯ ಕಲಮು ಹೀಗಿದೆ. "ಅಂಥ ಸದಸ್ಯನನ್ನು ಕಾರ್ಯಕಾರಿ ಸಮಿತಿಯ ಪರವಾಗಿ ಖುದ್ದು ವಿಚಾರಿಸಿ, ಹದಿನೈದು ದಿನಗಳ ನೋಟಿಸ್ ನೀಡಿ, ಸಮಂಜಸ ಉತ್ತರ ಬಾರದಿದ್ದಲ್ಲಿ ಸದಸ್ಯತ್ವವನ್ನು ರದ್ದುಪಡಿಸತಕ್ಕದ್ದು." ನನಗೆ ಬಂದ ಕಾಗದದಲ್ಲಿ "ಖುದ್ದು ವಿಚಾರಿಸಿ" ಇರಲಿಲ್ಲ. ಅಂದರೆ ಮೊದಲು ಯಾರಾದರೂ ಮನೆಗೆ ಬಂದು, ಯಾಕಪ್ಪಾ ಬರುತ್ತಿಲ್ಲ ಎಂದು ಕೇಳಬೇಕಿತ್ತು. ಆಮೇಲೆ ನೋಟಿಸು. ನನ್ನನ್ನು ಯಾರೂ ಕೇಳಿರಲಿಲ್ಲ. ಚಹಾ ಕುಡಿಯುವಾಗಲೂ ಕೇಳಿರಲಿಲ್ಲ.

ಆ ಎರಡು ಪದ ಹಳೆಯ ಕಾಗದದಲ್ಲೇ ಇರಲಿಲ್ಲ. ಬೈಲಾದಿಂದ ನಕಲು ಮಾಡುವಾಗ ನನಗೆ ಅವು ಕಣ್ತಪ್ಪಿದವು ಎಂದು ಇಲ್ಲಿ ಬರೆದುಬಿಡಬಹುದು, ಯಾರೂ ನನ್ನನ್ನು ಹಿಡಿಯಲಾರರು. ಆದರೆ ನಾನು ಬೇಕೆಂದೇ ಬಿಟ್ಟಿದ್ದೆ. ಆ ಪದಗಳನ್ನು ಬರೆದರೆ ನಾನೇ ಹೋಗಿ ವಿಚಾರಿಸಬೇಕಾಗುತ್ತಿತ್ತು. ವಿಚಾರಿಸಬೇಕಾದ ಮನುಷ್ಯ ನನ್ನ ಗುರು. ಅವರ ಎದುರು ಹೋಗಿ ನಿಲ್ಲಲು ನನಗೆ ಹೆದರಿಕೆ.

ಅವರು ಹಂಪಿಯ ಹಳೆಯ ಗೈಡುಗಳಲ್ಲಿ ಒಬ್ಬರು. ಟ್ರೈನಿಂಗು, ಪರೀಕ್ಷೆ ಇವೆಲ್ಲ ಬರುವ ಮೊದಲೇ ಕೆಲಸಕ್ಕೆ ಇಳಿದವರು. ಕನ್ನಡ, ತೆಲುಗು, ಹಿಂದಿ ನೀರು ಕುಡಿದ ಹಾಗೆ ಆಡುತ್ತಿದ್ದರು, ಇಂಗ್ಲಿಷನ್ನೂ ಬೆದರಿಸಿ ಇಟ್ಟುಕೊಂಡಿದ್ದರು. ಕಲ್ಲಿನ ಮುಂದೆ ಹೇಗೆ ನಿಲ್ಲಬೇಕು, ಬಿಸಿಲಿಗೆ ಪ್ರವಾಸಿಗರ ಬೆನ್ನು ಹೇಗೆ ತಿರುಗಿಸಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಎನ್ನುವುದನ್ನೆಲ್ಲ ನನಗೆ ಕಲಿಸಿದವರು ಅವರೇ. ತಪ್ಪು ಹೇಳಿದರೆ ಪ್ರವಾಸಿಗರೆದುರೇ "ಲೇ, ಕಲ್ಲು ಕೇಳಿಸ್ಕಂತೈತಿ, ಸುಳ್ಳ ಹೇಳಬ್ಯಾಡ," ಎಂದು ಗದರುತ್ತಿದ್ದರು. ಅಂಥವರು ಇದ್ದಕ್ಕಿದ್ದಂತೆ ಸಭೆಗೆ ಬರುವುದು ನಿಲ್ಲಿಸಿದರು. ನಾನು ಕಾರ್ಯದರ್ಶಿಯಾದದ್ದು ಅವರಿಗೆ ಸಹಿಸಲಾಗಲಿಲ್ಲ ಎಂದು ನಾಲ್ಕು ಜನ ಆಡಿದರು. ನಾನೂ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ನೋಟಿಸು ಹೋಯಿತು, ಉತ್ತರ ಬರಲಿಲ್ಲ, ಹದಿನಾರನೇ ದಿನ ಪಟ್ಟಿಯಿಂದ ಹೆಸರು ತೆಗೆದೆವು. ಒಂದು ವರ್ಷ ಬಸ್ ನಿಲ್ದಾಣದಲ್ಲಿ ನಿಂತರು. ನಾನು ಆ ಕಡೆಯಿಂದ ಹೋಗುವುದನ್ನೇ ಬಿಟ್ಟೆ. ಆಮೇಲೆ ಕಂಪ್ಲಿಗೆ ಮಗಳ ಮನೆಗೆ ಹೋದರು ಎಂದು ಕೇಳಿದೆ.

ಈಗ ಬಿಟ್ಟುಹೋದ ಎರಡು ಪದ ನನಗೆ ಒಳ್ಳೆಯ ಅಸ್ತ್ರವಾಗಿ ಒದಗಿತ್ತು. ಖುದ್ದು ವಿಚಾರಿಸದೆ ಕೊಟ್ಟ ನೋಟಿಸು ಬೈಲಾಕ್ಕೆ ವಿರುದ್ಧ, ಅದು ಊರ್ಜಿತವಲ್ಲ ಎಂದು ನಾಲ್ಕು ಸಾಲು ಬರೆದರೆ ಸಾಕು. ಕಣ್ಣಿನ ಮಾತೇ ಬೇಡ. ಆದರೆ ಕಾರ್ಯದರ್ಶಿ ಹುಡುಗ ಪೆದ್ದನಲ್ಲ. ಫೈಲು ತೆರೆದು, "ಅಣ್ಣಾರ, ಇದು ನೀವಾ ಬರದಿದ್ದ ಕಾಗದ ರೀ," ಎಂದರೆ? ನನ್ನ ನೋಟಿಸು ಊರ್ಜಿತವಲ್ಲ ಎಂದಾದರೆ ಅವರದೂ ಅಲ್ಲ. ಒಂದು ವರ್ಷ ಬಿಸಿಲಲ್ಲಿ ನಿಂತ ಮನುಷ್ಯನಿಗೆ ಯಾರು ಉತ್ತರ ಕೊಡುತ್ತಾರೆ? ಆ ದಿನಗಳಲ್ಲಿ ಊಟ ರುಚಿಸಲಿಲ್ಲ. ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುತ್ತಿದ್ದೆ. ಒಂಬತ್ತು ದಿನ ಹಾಗೆಯೇ ಕಳೆದವು.

ಹತ್ತನೇ ದಿನ ಕಂಪ್ಲಿಗೆ ಹೊರಟೆ. ಬೆಳಿಗ್ಗೆಯೇ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡಬೇಕೆಂದಿದ್ದೆ. ಆದರೆ ಧೈರ್ಯ ಸಾಲದೆ, ಅದು ಇದು ಕೆಲಸ ಹುಡುಕಿಕೊಂಡು, ಬಸ್ಸು ಹತ್ತುವಾಗ ಮೂರು ಗಂಟೆ ದಾಟಿತ್ತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡಲಾಗಿ ಬಸ್ಸು ತೆವಳಿತು. ಚಳಿಗಾಲದ ಬಿಸಿಲು ಬೇಗ ಕೆಳಗಿಳಿಯುತ್ತಿತ್ತು. ಗದ್ದೆಯ ಮೇಲೆ ನೆರಳು ಉದ್ದವಾದ ಹಾಗೆಲ್ಲ ಇಳಿದು ವಾಪಸು ಹೋಗಿಬಿಡೋಣ ಎನಿಸಿತು. ಕಂಪ್ಲಿಯಲ್ಲಿ ವಿಳಾಸ ಕೇಳಿ ಮನೆ ಹುಡುಕುವ ಹೊತ್ತಿಗೆ ಐದೂವರೆ.

ಅವರು ಕಟ್ಟೆಯ ಮೇಲೆ ಕೂತಿದ್ದರು. ಮೈ ಇಳಿದಿತ್ತು, ದನಿ ಇಳಿದಿರಲಿಲ್ಲ.

"ಯಾರದು? ಓಹೋ, ಕಾರ್ಯದರ್ಶಿಗಳು! ಬರ್ರಿ, ಕುಂದ್ರಿ," ಎಂದರು.

ನನ್ನನ್ನು ಅವರು ಎಂದೂ ಬಹುವಚನದಲ್ಲಿ ಕರೆದವರಲ್ಲ. ಆ 'ಬರ್ರಿ' ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

"ನಾ ಈಗ ಕಾರ್ಯದರ್ಶಿ ಅಲ್ರಿ ಗುರುಗಳ," ಎಂದೆ.

"ಮತ್ತ ಯಾಕ ಬಂದ್ರಿ?"

"ಕೇಳಾಕ ಬಂದೀನ್ರಿ. ಅವತ್ತ ಸಭಾಕ್ಕ ಬರೋದು ಯಾಕ ಬಿಟ್ರಿ ಅಂತ."

ಅವರು ಬಾಗಿಲ ಕಡೆ ಕತ್ತು ತಿರುಗಿಸಿದರು. ಒಳಗೆ ಮಗಳು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆಮೇಲೆ ಎದ್ದು, "ಒಳಗ ಬಾ," ಎಂದರು. ಏಕವಚನಕ್ಕೆ ಬಂದರಲ್ಲ ಎಂದು ನನಗೆ ಉಸಿರು ಬಂತು. ಒಳಗಿನ ಕೋಣೆಗೆ ಇದ್ದದ್ದು ಒಂದೇ ಸಣ್ಣ ಕಿಟಕಿ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹೊಸ್ತಿಲು ದಾಟಿದ್ದೇ ತಡ, ನನಗೆ ಗೋಡೆ ಯಾವುದು, ಮನುಷ್ಯ ಯಾವುದು ಗೊತ್ತಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಪೆಟ್ಟಿಗೆ ತೆರೆದ ಸದ್ದು ಕೇಳಿತು. ನನ್ನ ಕೈಗೆ ಒಂದು ಕವರು ತುರುಕಿದರು. ಬೆರಳಾಡಿಸಿದೆ. ಅಂಟು ಬಿಚ್ಚಿರಲಿಲ್ಲ.

"ಓದು," ಎಂದರು.

"ಇದು..."

"ನೀ ಕಳಿಸಿದ್ದು. ರಿಜಿಸ್ಟರ್. ಸಹಿ ಮಾಡಿ ತಗೊಂಡಿದ್ದೆ. ನನಗ ಬರೋದು ಅದೊಂದ, ಸಹಿ." ತಗ್ಗಿದ ದನಿಯಲ್ಲಿ ಮುಂದುವರಿಸಿದರು. "ಓದಾಕ ಬರಂಗಿಲ್ಲೋ ತಮ್ಮಾ ನನಗ. ಯಾರಿಗೂ ಗೊತ್ತಿಲ್ಲ. ಒಳಗ ಅದಾಳಲ್ಲ, ಮಗಳಿಗೂ ಗೊತ್ತಿಲ್ಲ."

ನಾಲ್ಕು ಭಾಷೆ ಆಡುವವರು. ಶಾಸನಗಳ ಮುಂದೆ ನಿಂತು ಸಾಲುಸಾಲೇ ಹೇಳುತ್ತಿದ್ದವರು. ಅದೆಲ್ಲ ಕೇಳಿ ಕಲಿತದ್ದು, ಬಾಯಿಪಾಠ.

"ನೀ ಕಾರ್ಯದರ್ಶಿ ಆದ ಮ್ಯಾಲೆ ಒಂದು ಹೊಸಾದು ತಂದಿ, ನೆನಪೈತೇನು? ಹಿಂದಿನ ಸಭಾದ ನಡಾವಳಿ ಒಬ್ಬೊಬ್ಬರು ಪಾಳಿ ಮ್ಯಾಲೆ ಓದಬೇಕು ಅಂತ. ಹಾಜರಿ ಪುಸ್ತಕದಾಗ ಹೆಸರು ಇದ್ದಂಗ. ನನಕ್ಕಿಂತ ಮುಂಚಿನವ ಓದಿದ ದಿನ ನನಗ ಕೈಕಾಲು ತಣ್ಣಗಾದ್ವು. ಮುಂದಿನ ತಿಂಗಳು ನಂದು. ಎಲ್ಲಾರ ಮುಂದ ಪುಸ್ತಕ ಹಿಡ್ಕಂಡು ಏನು ಮಾಡ್ಲಿ? ನಾ ಬರಲಿಲ್ಲ. ಬರದಿದ್ರ ಪಾಳಿ ಹಂಗ ಕಾಯ್ತಿತ್ತು. ಮತ್ತ ಬರಲಿಲ್ಲ. ಈ ಕಾಗದ ಬಂತು. ಓದೋದು ನಿಂದ ಐತಿ ಬಾ ಅಂತ ಬರದೀರಿ ಅನ್ಕಂಡೆ. ಪೆಟ್ಟಿಗಿ ತಳಕ ಹಾಕಿದೆ. ಪಾಳಿ ಪಟ್ಟಿಯಾಗ ಹೆಸರಿಲ್ಲ ಅಂದಾಗ ತಿಳೀತು, ಇದು ಬ್ಯಾರೆ ಕಾಗದ ಅಂತ. ಆಗ ಯಾರ ಕಡೆ ಓದಿಸ್ಲಿ? ನೀ ಬರ್ತಿ, ಕೇಳ್ತಿ ಅಂತ ಕಾಯ್ದೆ."

ಎಲ್ಲರೂ ಗಮನ ಕೊಡಲಿ ಎಂದು ನಾನೇ ತಂದ ಪದ್ಧತಿ ಅದು. ಅದಕ್ಕಾಗಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಒಬ್ಬ ಮನುಷ್ಯನ ಎದೆ ನಡುಗಿಸಿದ್ದು, ಊರು ಬಿಡಿಸಿದ್ದು ಆ ಪದ್ಧತಿ. ಕೇಳಬೇಕಾದವನು ನಾನು ಹೆದರಿ ಮನೆಯಲ್ಲಿ ಕೂತೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

"ಓದು ಈಗ. ಒಂಬತ್ತು ವರ್ಷ ಆತು," ಎಂದರು.

ಕವರು ಒಡೆದೆ. ಕಾಗದ ಬಿಡಿಸಿದೆ. ಕೈಯಲ್ಲಿ ಕಾಗದವಿದೆ ಎಂದು ಬೆರಳಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅವರು ಕಾಯುತ್ತಿದ್ದರು.

"ಗುರುಗಳ, ನನಗ ಕಾಣವಲ್ದು," ಎಂದೆ.

"ಕಂದೀಲು ತರಿಸ್ಲೇನು?"

"ತರಿಸಿದ್ರೂ ಕಾಣಂಗಿಲ್ರಿ. ಮಬ್ಬಾದ್ರ ನನಗ ಕಣ್ಣಿಲ್ಲ. ಹಗಲಿಂದೂ ಹೊಂಟೈತಿ."

ಹೆಂಡತಿಗೂ ಹೇಳದ್ದು ಮೊದಲ ಸಲ ಬಾಯಿಂದ ಹೊರಬಿತ್ತು, ಆ ಕತ್ತಲೆ ಕೋಣೆಯಲ್ಲಿ. ಅವರು ಅಯ್ಯೋ ಅನ್ನಲಿಲ್ಲ. ನನ್ನ ರಟ್ಟೆ ಹಿಡಿದು ಕೆಳಗೆ ಕೂಡಿಸಿದರು.

ಓದಲು ನನಗೆ ಕಣ್ಣು ಬೇಕಾಗಿರಲಿಲ್ಲ. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬಾಯಿಪಾಠ ಹೇಳಿದೆ, ಅವರು ನನಗೆ ಶಾಸನ ಹೇಳಿಕೊಟ್ಟ ಹಾಗೆ. ಸತತವಾಗಿ ಮೂರು ಮಾಸಿಕ ಸಭೆಗಳಿಗೆ ಎನ್ನುವುದರಿಂದ ಹಿತೈಷಿಗಳೆಂದು ನಂಬಿರುತ್ತೇವೆ ಎನ್ನುವವರೆಗೆ. ಹೇಳಿ ಮುಗಿಸಿ, "ಇದರಾಗ ಎರಡು ಮಾತು ಬಿಟ್ಟೈತ್ರಿ. ಖುದ್ದು ವಿಚಾರಿಸಿ ಅಂತ. ಬೈಲಾದಾಗ ಐತಿ. ನಿಮ್ಮುಂದ ಬರಾಕ ಹೆದರಿ ನಾನಾ ಬಿಟ್ಟಿದ್ದೆ," ಎಂದೆ.

"ನನಗ ಹೆದರಿದ್ಯಾ?" ಎಂದು ನಕ್ಕರು. ಖುಷಿಯ ನಗೆಯಲ್ಲ ಅದು. "ನಾ ನಿನಗ ಹೆದರಿ ಕುಂತಿದ್ದೆ."

ಬಸ್ ನಿಲ್ದಾಣಕ್ಕೆ ಅವರೇ ಕೈ ಹಿಡಿದು ಕರೆದುಕೊಂಡು ಹೋದರು. "ಮೆಟ್ಲು ಐತಿ. ಎರಡು. ಇಲ್ಲಿ ಗಟಾರ, ದೊಡ್ಡ ಹೆಜ್ಜಿ ಹಾಕು," ಎಂದು ಹಂಪಿಯಲ್ಲಿ ಮುದುಕ ಪ್ರವಾಸಿಗರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳುತ್ತ ನಡೆದರು. ಕಂಡಕ್ಟರಿಗೆ ನನ್ನನ್ನು ಒಪ್ಪಿಸುವ ಮುನ್ನ ಕಿವಿಯ ಹತ್ತಿರ ಬಾಗಿ, "ನಂದು ಯಾರಿಗೂ ಹೇಳಬ್ಯಾಡ," ಎಂದರು.

ಕಮಲಾಪುರದಲ್ಲಿ ಇಳಿಸಿಕೊಳ್ಳಲು ಹೆಂಡತಿಗೆ ಫೋನು ಮಾಡಿದೆ. ಬಂದು ಕೈ ಹಿಡಿದಳು. ದಾರಿಯಲ್ಲಿ ನನ್ನ ಕಣ್ಣಿನದನ್ನೆಲ್ಲ ಹೇಳಿದೆ. ಅವಳು, "ನನಗ ಗೊತ್ತಿತ್ರಿ. ರಾತ್ರಿ ತಾಟು ತಡವಿ ಉಣ್ಣೋದು ನೋಡಂಗಿಲ್ಲೇನು? ನೀವು ಹೇಳ್ತೀರಿ ಅಂತ ಸುಮ್ನಿದ್ದೆ," ಎಂದಳು. ನಮ್ಮ ಮನೆಯಲ್ಲೂ ಖುದ್ದು ವಿಚಾರಿಸುವುದು ಬಾಕಿ ಇತ್ತು.

ಹದಿಮೂರನೇ ದಿನ ನನ್ನ ಉತ್ತರ ಕೊಟ್ಟೆ. ಎರಡು ಭಾಗ ಮಾಡಿ ಬರೆದಿದ್ದೆ. ಮೊದಲನೆಯದರಲ್ಲಿ, ನಾನು ಕಾರ್ಯದರ್ಶಿಯಾಗಿದ್ದಾಗ ಹಿರಿಯ ಸದಸ್ಯರೊಬ್ಬರಿಗೆ ಖುದ್ದು ವಿಚಾರಿಸದೆ ನೋಟಿಸು ಕೊಟ್ಟೆ, ಬೈಲಾದ ಮಾತುಗಳನ್ನು ಬೇಕೆಂದೇ ಬಿಟ್ಟೆ, ಆ ರದ್ದತಿ ಊರ್ಜಿತವಲ್ಲ, ತಪ್ಪು ನನ್ನದು ಎಂದು. ಅವರು ಯಾಕೆ ಬರಲಿಲ್ಲ ಎನ್ನುವುದನ್ನು ಬರೆಯಲಿಲ್ಲ, ವಿಚಾರಣೆಯೇ ಆಗದಿದ್ದ ಮೇಲೆ ಕಾರಣ ಕೇಳುವ ಹಕ್ಕು ಸಂಘಕ್ಕಿರಲಿಲ್ಲ. ಎರಡನೆಯದು ನನ್ನ ಕಣ್ಣಿನದು. ಅಲ್ಲಿ ಏನನ್ನೂ ಮುಚ್ಚಿಡಲಿಲ್ಲ, ಪುಷ್ಕರಣಿಯ ಅಂಚಿನ ಹುಡುಗಿಯನ್ನೂ ಬರೆದೆ. ಆ ಕಾಗದವನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು ಬಂದ ರಾತ್ರಿ ನಿದ್ದೆಯಿಲ್ಲ. ನನ್ನ ಕೆಲಸವನ್ನು ನಾನೇ ಕೈಯಾರೆ ಕಳೆದುಕೊಂಡೆನೇ ಎಂದು ಬೆಳಗಿನವರೆಗೂ ಹೊರಳಾಡಿದೆ.

ಎರಡು ದಿನ ಬಿಟ್ಟು ಕಾರ್ಯದರ್ಶಿ ಮನೆಗೆ ಬಂದ. ಕೈಯಲ್ಲಿ ನಡಾವಳಿ ಪುಸ್ತಕ. ಹುಡುಗನ ಮುಖ ಸಪ್ಪಗಿತ್ತು. "ಅಣ್ಣಾರ, ಖುದ್ದು ವಿಚಾರಿಸಾಕ ಬಂದೀನ್ರಿ," ಎಂದ. ಹೆಂಡತಿ ಚಹಾ ಇಟ್ಟಳು. ಅವನು ಕೇಳಿದ, ನಾನು ಹೇಳಿದೆ, ಅವನು ಬರೆದುಕೊಂಡ. ಒಂದೊಂದು ಅಕ್ಷರವೂ ನನ್ನ ಮೇಲೆ ಬರೆದ ಹಾಗೆ ಆಗುತ್ತಿತ್ತು. ಹೊರಡುವಾಗ, "ಚಾ ಕುಡಿಯಾಗ ಕೇಳಬೇಕಿತ್ರಿ. ಬೈಲಾ ತಗದು ನೋಡಲಿಲ್ಲ. ತಪ್ಪಾತು," ಎಂದ.

ಸಮಿತಿ ನನ್ನ ನೋಟಿಸನ್ನು ಹಿಂದೆ ತೆಗೆದುಕೊಂಡಿತು. ತಿಂಗಳ ಸಭೆ ಬೆಳಿಗ್ಗೆ ಏಳಕ್ಕೆ ಬಂತು. ನನ್ನ ಹೆಸರು ಪಟ್ಟಿಯಲ್ಲಿ ಉಳಿಯಿತು. ಆದರೆ ನಾಲ್ಕು ಗಂಟೆಯ ನಂತರದ ಪಾಳಿ ಇಲ್ಲ, ಬೆಟ್ಟ ಮತ್ತು ನೆಲಮಾಳಿಗೆ ಇಲ್ಲ, ಮಕ್ಕಳಿದ್ದರೆ ಜೊತೆಗೆ ಇನ್ನೊಬ್ಬ ಗೈಡು. ನಡಾವಳಿ ಓದುವಾಗ ಇದನ್ನೆಲ್ಲ ಎಲ್ಲರೆದುರು ಓದಿದರು. ನಾನು ನೆಲ ನೋಡುತ್ತ ಕೂತಿದ್ದೆ. ಹೆದರಿಕೆ ಹೋಯಿತೆಂದು ಹೇಳಲಾರೆ. ಡಾಕ್ಟರು ಹೇಳದ ವರ್ಷಗಳು ಹಾಗೆಯೇ ಇವೆ. ನಡಾವಳಿಯನ್ನು ಇನ್ನು ಮುಂದೆ ಕಾರ್ಯದರ್ಶಿಯೇ ಓದಬೇಕೆಂದು ನಾನು ಸೂಚಿಸಿದೆ. ಯಾಕೆ ಎಂದು ಕೇಳಿದರು. ನನ್ನ ಕಣ್ಣಿಗೆ ಕಷ್ಟ ಎಂದೆ. ಎಲ್ಲರೂ ಒಪ್ಪಿದರು.

ಗುರುಗಳ ಸದಸ್ಯತ್ವದ ರದ್ದತಿಯನ್ನೂ ಸಮಿತಿ ಹಿಂದೆ ತೆಗೆದುಕೊಂಡಿತು. ಹೊಸ ಕಾಗದ ತಯಾರಾಯಿತು. ಅಂಚೆಗೆ ಹಾಕುವುದು ಬೇಡ, ನಾನೇ ಒಯ್ಯುತ್ತೇನೆ ಎಂದೆ. ಈ ಸಲ ಬೆಳಗಿನ ಮೊದಲ ಬಸ್ಸಿಗೇ ಕಂಪ್ಲಿಗೆ ಹೋದೆ. ಅವರು ಅದೇ ಕಟ್ಟೆಯ ಮೇಲೆ ಕೂತಿದ್ದರು. ಬಿಸಿಲಿತ್ತು, ನನಗೆ ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು. ಮೊದಲಿನಿಂದ ಕೊನೆಯವರೆಗೆ ಓದಿದೆ. ತಮ್ಮನ್ನು ಖುದ್ದು ವಿಚಾರಿಸದೆ ಕೈಗೊಂಡ ಕ್ರಮಕ್ಕೆ ಸಂಘವು ವಿಷಾದಿಸುತ್ತದೆ, ತಮ್ಮ ಸದಸ್ಯತ್ವವು ಎಂದಿನಂತೆ ಮುಂದುವರಿದಿದೆ ಎಂದು ಅದರಲ್ಲಿತ್ತು.

ಅವರು ಕೈ ಚಾಚಲಿಲ್ಲ. ಕಾಗದವನ್ನು ದೂರದಿಂದಲೇ ನೋಡಿದರು. ಒಳಗೆ ಮಗಳು ಇದ್ದಾಳೆಯೇ ಎಂದು ತಿರುಗಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ನನಗ ಓದಾಕ ಬರಂಗಿಲ್ಲ ಅಂತ ಇದರಾಗ ಬರದೀರೇನು?" ಎಂದು ಕೇಳಿದರು.

"ಇಲ್ರಿ ಗುರುಗಳ," ಎಂದೆ.

"ಖರೇನಾ?"

"ಖರೇನ ರೀ."

"ಹಂಗಾರ ಕೊಡು," ಎಂದು ಎರಡೂ ಕೈಯಲ್ಲಿ ತೆಗೆದುಕೊಂಡು, ಅಕ್ಷರಗಳ ಮೇಲೆ ಸಾಲುಸಾಲಾಗಿ ಕಣ್ಣಾಡಿಸಿ, ಮಗಳಿಗೆ ಕೇಳಿಸುವಂತೆ ದೊಡ್ಡ ದನಿಯಲ್ಲಿ, "ಚಲೋ ಬರದಾರ," ಎಂದರು.